ಮೋಡವನ್ನು ಮುಸ್ಸಂಜೆ ಅಂದುಕೊಳ್ಳುವ ಕೋಳಿಗೂಡಿನ ಬಾಗಿಲು

ಪ್ರಶ್ನೆ: ಸಾರ್, ಕೋಳಿಗೂಡಿಗೆ ಎಲ್‌ಡಿಆರ್ ಹಾಕಿ ತಾನೇ ಮುಚ್ಚುವ ಬಾಗಿಲು ಮಾಡಿದ್ದೆ. ಮೊನ್ನೆ ಮಧ್ಯಾಹ್ನ 4:30ಕ್ಕೆ ದೊಡ್ಡ ಮಳೆ ಬಂತು. ಬಾಗಿಲು ಮುಚ್ಚಿಕೊಂಡಿತು. 11 ಕೋಳಿ ಹೊರಗೇ ಉಳಿದವು. ಬೆಳಿಗ್ಗೆ ನೋಡಿದರೆ ನಾಲ್ಕು ಇಲ್ಲ. ಲೈಟ್ ಸೆನ್ಸರ್ ಕಿತ್ತು ಬರೀ ಟೈಮರ್ ಹಾಕಿದರೆ ಸಾಕಾ? (ತೀರ್ಥಹಳ್ಳಿ ಕಡೆಯ ಓದುಗರು)

ಈ ಪ್ರಶ್ನೆ ಪ್ರತಿ ಮಳೆಗಾಲ ಬರುತ್ತದೆ. ಹೋದ ವರ್ಷವೂ ಬಂತು, ಅದರ ಹಿಂದಿನ ವರ್ಷವೂ ಬಂತು. ಪ್ರತಿ ಸಲವೂ ಕೋಳಿ ಸತ್ತ ಮೇಲೆ ಬರುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಎಲ್‌ಡಿಆರ್ ಅಂದರೇನು, ಆರ್ಡುಯಿನೊಗೆ ತಂತಿ ಹೇಗೆ ಜೋಡಿಸೋದು ಅಂತ ಇಲ್ಲಿ ಹೇಳುವುದಿಲ್ಲ. ಬಾಗಿಲು ಮಾಡಿದವರಿಗೆ ಅದು ಗೊತ್ತಿರುತ್ತದೆ.

ಮೊದಲು ನಿಮ್ಮ ಬಾಗಿಲು ಯಾಕೆ ಮುಚ್ಚಿತು ಅನ್ನೋದನ್ನು ನೋಡೋಣ. ಮಳೆಮೋಡ ಎಷ್ಟೇ ದಟ್ಟವಾಗಿದ್ದರೂ ಮಧ್ಯಾಹ್ನ 4:30ಕ್ಕೆ ಬಯಲಿನಲ್ಲಿ ನೂರಾರು ಲಕ್ಸ್ ಬೆಳಕು ಇದ್ದೇ ಇರುತ್ತದೆ. ಮುಸ್ಸಂಜೆ ಕೋಳಿ ಕೂರುವ ಹೊತ್ತಿನ ಬೆಳಕು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾದರೆ ಸೆನ್ಸರ್ ಮೋಸ ಹೋಗಿದ್ದು ಹೇಗೆ? ನೀವು ಕಳಿಸಿದ ಫೋಟೋದಲ್ಲಿ ಉತ್ತರ ಇದೆ. ಸೆನ್ಸರನ್ನು ಹಂಚಿನ ಸೂರಿನ ಕೆಳಗೆ, ಅಡಿಕೆ ಮರದ ನೆರಳಿಗೆ ಮುಖ ಮಾಡಿ ಕೂರಿಸಿದ್ದೀರಿ. ಅಲ್ಲಿಗೆ ಆಕಾಶದ ಬೆಳಕು ಹತ್ತರಲ್ಲಿ ಒಂದು ಪಾಲೂ ತಲುಪುವುದಿಲ್ಲ. ಅದರ ಮೇಲೆ ಮೋಡ. ಆಗ ಸೆನ್ಸರ್ ಕಂಡಿದ್ದು 20 ಲಕ್ಸ್ ಇರಬಹುದು. ನೀವು ಮುಚ್ಚುವ ಮಿತಿಯನ್ನೂ ಮೇಲೆ ಇಟ್ಟಿದ್ದಿರಿ. ಸೆನ್ಸರ್ ತಾನು ಕಂಡಿದ್ದನ್ನೇ ಹೇಳಿತು.

ಎರಡನೇ ತಪ್ಪು ಇನ್ನೂ ದೊಡ್ಡದು. ಒಮ್ಮೆ ಮುಚ್ಚಿದರೆ ಬೆಳಿಗ್ಗೆವರೆಗೂ ತೆರೆಯಬಾರದು ಅಂತ ಪ್ರೋಗ್ರಾಂ ಬರೆದಿದ್ದೀರಿ. ಐದು ಗಂಟೆಗೆ ಮಳೆ ನಿಂತು ಬಿಸಿಲು ಬಂತು ಅಂತ ನೀವೇ ಬರೆದಿದ್ದೀರಲ್ವಾ? ಆಗಲಾದರೂ ಬಾಗಿಲು ತೆರೆದಿದ್ದರೆ ಆ ನಾಲ್ಕು ಉಳಿಯುತ್ತಿದ್ದವು. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಅಲ್ಲೇ ಮುದುಡಿ ಕೂರುತ್ತದೆ. ಕಬ್ಬೆಕ್ಕಿಗೆ ಅಷ್ಟು ಸಾಕು.

ಈಗ ಬರೀ ಟೈಮರ್ ಸಾಕಾ ಅನ್ನೋ ಮಾತು. ನಮ್ಮ ಕಡೆ ವರ್ಷವಿಡೀ ಸೂರ್ಯ ಮುಳುಗುವ ಹೊತ್ತು ಹೆಚ್ಚುಕಮ್ಮಿ ಒಂದು ಗಂಟೆಯಷ್ಟೇ ಹಿಂದೆಮುಂದೆ ಆಗುತ್ತದೆ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸುಮಾರು 5:50, ಜುಲೈನಲ್ಲಿ ಸುಮಾರು 6:50. ಯುರೋಪಿನ ಚಳಿದೇಶಗಳಲ್ಲಿ ಇದು ನಾಲ್ಕೈದು ಗಂಟೆ ಬದಲಾಗುತ್ತದೆ, ಹಾಗಾಗಿ ಅಲ್ಲಿಯವರು ಬೆಳಕನ್ನೇ ನಂಬುತ್ತಾರೆ. ಅವರ ವಿಡಿಯೋ ನೋಡಿ ಇಲ್ಲಿ ಹಾಗೇ ಮಾಡಿದರೆ ನಮ್ಮ ಮಳೆ ಬಿಡುವುದಿಲ್ಲ. ನಮಗೆ ಗಡಿಯಾರವೇ ಮುಖ್ಯ. ಆದರೆ ಗಡಿಯಾರ ಸದ್ದಿಲ್ಲದೆ ಸಾಯುತ್ತದೆ. ಬಟನ್ ಸೆಲ್ ಮುಗಿದು, ಒಂದು ಸಲ ಕರೆಂಟ್ ಹೋದರೆ ಅದು ಯಾವುದೋ ಹಳೆಯ ತಾರೀಖಿಗೆ ಹೋಗಿ ನಿಲ್ಲುತ್ತದೆ. ಮಧ್ಯಾಹ್ನವನ್ನು ಮಧ್ಯರಾತ್ರಿ ಅನ್ನುತ್ತದೆ. ಅದಕ್ಕೇ ಎರಡೂ ಬೇಕು. ಬಾಗಿಲು ಮುಚ್ಚಬಹುದಾದ ಹೊತ್ತು ಯಾವುದು ಅಂತ ಗಡಿಯಾರ ಹೇಳಲಿ. ಆ ಹೊತ್ತಿನೊಳಗೆ ಯಾವ ನಿಮಿಷ ಅಂತ ಬೆಳಕು ಹೇಳಲಿ. ಬೆಳಕು ಏನೂ ಹೇಳದಿದ್ದರೆ ಹೊತ್ತು ಮುಗಿದ ಕೂಡಲೇ ಗಡಿಯಾರವೇ ಮುಚ್ಚಲಿ.

ಸೂರ್ಯ ಮುಳುಗುವ ಹೊತ್ತನ್ನು ತಿಂಗಳಿಗೊಂದರಂತೆ 12 ಅಂಕಿಯಾಗಿ ಪ್ರೋಗ್ರಾಂನಲ್ಲಿ ಬರೆದಿಡಿ. ಇಂಟರ್‌ನೆಟ್ ಬೇಡ, ಲೆಕ್ಕದ ಲೈಬ್ರರಿಯೂ ಬೇಡ. ಮನೆಯ ಗೋಡೆ ಮೇಲಿನ ಪಂಚಾಂಗದಲ್ಲಿ ಸೂರ್ಯಾಸ್ತ ಇರುತ್ತದೆ. ಅದು ಬೆಂಗಳೂರಿನದಾದರೆ ಶಿವಮೊಗ್ಗಕ್ಕೆ 8 ನಿಮಿಷ, ಮಂಗಳೂರಿಗೆ 11 ನಿಮಿಷ ಸೇರಿಸಿ. ಪಶ್ಚಿಮಕ್ಕೆ ಒಂದು ಡಿಗ್ರಿ ರೇಖಾಂಶ ಹೋದರೆ 4 ನಿಮಿಷ ತಡ, ಅದೇ ಲೆಕ್ಕ. ಒಂದೆರಡು ನಿಮಿಷದ ತಪ್ಪಿಗೆ ಕೋಳಿಗೆ ಏನೂ ಆಗುವುದಿಲ್ಲ.

ಬಾಗಿಲಿಗೆ ಬೆಳಕಿನ ಮಾತು ಕೇಳುವ ಹೊತ್ತು ಸೂರ್ಯಾಸ್ತಕ್ಕೆ 10 ನಿಮಿಷ ಮುಂಚೆ ಶುರುವಾಗಲಿ, 40 ನಿಮಿಷ ಆದ ಮೇಲೆ ಮುಗಿಯಲಿ. ನಿಮ್ಮಲ್ಲಿ ಜೂನ್‌ನಲ್ಲಿ ಸೂರ್ಯಾಸ್ತ 6:57 ಅಂತ ಇಟ್ಟುಕೊಳ್ಳಿ. 6:47ಕ್ಕೆ ಮುಂಚೆ ಎಂಥ ಕಾರ್ಮೋಡ ಬಂದರೂ ಬಾಗಿಲು ಅಲ್ಲಾಡುವುದಿಲ್ಲ. ನಿಮ್ಮ 4:30ರ ಮಳೆ ಅಲ್ಲಿಗೆ ಮುಗಿಯಿತು. ಸಂಜೆ ತಿಳಿಯಾಗಿದ್ದರೆ 7:15ರ ಆಸುಪಾಸಿಗೆ ಬೆಳಕು ಮಿತಿಗಿಂತ ಕೆಳಗೆ ಬರುತ್ತದೆ, ಹತ್ತು ನಿಮಿಷ ಕಾದು ಮುಚ್ಚುತ್ತದೆ. ನೀರು ಹೋಗಿ ಸೆನ್ಸರಿನ ತಂತಿ ಎರಡೂ ಕೂಡಿಕೊಂಡಿದ್ದರೆ, ಅಥವಾ ಅಂಗಳದ ಬಲ್ಬ್ ಅದರ ಮೇಲೆ ಬೀಳುತ್ತಿದ್ದರೆ, 7:37ಕ್ಕೆ ಗಡಿಯಾರ ಮುಚ್ಚುತ್ತದೆ.

ಈಗ ಟೈಮರ್ ಬರೆಯುವ ರೀತಿ. ಇಲ್ಲಿ ನೂರಕ್ಕೆ ತೊಂಬತ್ತು ಜನ ಎಡವುತ್ತಾರೆ ಅನ್ನಿಸುತ್ತದೆ, ನಾನೂ ಎಡವಿದ್ದೇನೆ. ನನ್ನ ಮೊದಲ ಬಾಗಿಲಿನಲ್ಲಿ `if (h == 19 && min == 0)` ಅಂತ ಬರೆದಿದ್ದೆ. ಸರಿಯಾಗಿ 7:00 ಆದರೆ ಮುಚ್ಚು ಅಂತ ಅರ್ಥ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ 6:55ಕ್ಕೆ ಕರೆಂಟ್ ಹೋಯಿತು, 7:20ಕ್ಕೆ ಬಂತು. ಬೋರ್ಡ್ ಎದ್ದು ಗಡಿಯಾರ ನೋಡಿತು. 7:00 ಕಳೆದುಹೋಗಿತ್ತು. ಅದು ಮರುದಿನದ 7:00ಕ್ಕೆ ಕಾಯುತ್ತಾ ಕೂತಿತು. ಬೆಳಿಗ್ಗೆ ಗೂಡಿನೊಳಗೆ ಏಳು ಹೆಂಟೆ ಸತ್ತು ಬಿದ್ದಿದ್ದವು. ಕಬ್ಬೆಕ್ಕು ಒಳಗೆ ನುಗ್ಗಿದರೆ ಬೇಕಾದ ಒಂದನ್ನು ತಿಂದು ಸುಮ್ನೆ ಹೋಗುವುದಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದು ಹಾಕುತ್ತದೆ.

ಹಾಗಾಗಿ ಪ್ರೋಗ್ರಾಂ "ಈಗ ಮುಚ್ಚುವ ಗಳಿಗೆ ಬಂತಾ?" ಅಂತ ಕೇಳಬಾರದು. "ಈಗ ಬಾಗಿಲು ಹೇಗಿರಬೇಕು?" ಅಂತ ಕೇಳಬೇಕು. ಹೀಗೆ:

```cpp
// m: ಮಧ್ಯರಾತ್ರಿಯಿಂದ ನಿಮಿಷ, ss: ಈ ತಿಂಗಳ ಸೂರ್ಯಾಸ್ತ
bool mustBeClosed(int m, int ss) {
  if (m >= ss + 40 || m < 375) return true;
  if (m >= ss - 10) return closedNow || dark10;
  if (m >= 465) return false;
  return closedNow && !light10;
}
```

375 ಅಂದರೆ ಬೆಳಿಗ್ಗೆ 6:15. 465 ಅಂದರೆ 7:45. ಇದನ್ನು ಹತ್ತು ಸೆಕೆಂಡಿಗೊಮ್ಮೆ ಕೇಳಿ. ಉತ್ತರಕ್ಕೂ ಬಾಗಿಲ ಸ್ಥಿತಿಗೂ ಹೊಂದದಿದ್ದರೆ ಮಾತ್ರ ಮೋಟಾರ್ ಓಡಿಸಿ. ಕರೆಂಟ್ ರಾತ್ರಿ 11ಕ್ಕೆ ಬಂದರೂ ಬೋರ್ಡ್ ಎದ್ದ ಕೂಡಲೇ ಮುಚ್ಚುತ್ತದೆ, ಏನನ್ನೂ ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. `closedNow` ಮಾತ್ರ ಮೆಮೊರಿಯಿಂದ ಬರಬಾರದು. ಬಾಗಿಲ ಕೆಳಗೆ ಇಟ್ಟ ಲಿಮಿಟ್ ಸ್ವಿಚ್ಚಿನಿಂದಲೇ ಬರಬೇಕು. ಮುಚ್ಚಿದ್ದೇನೆ ಅಂತ ಪ್ರೋಗ್ರಾಂ ನಂಬಿಕೊಂಡಿದ್ದು, ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿದ್ದನ್ನು ನಾನು ಎಷ್ಟೋ ಗೂಡಿನಲ್ಲಿ ನೋಡಿದ್ದೇನೆ.

ಬೆಳಗಿನ ಕಡೆಯೂ ಇದೇ ನಿಯಮ. 6:15ಕ್ಕೆ ಮುಂಚೆ ಬೆಳಕಾದರೂ ತೆರೆಯುವುದಿಲ್ಲ, ಯಾಕೆಂದರೆ ಮೇ ತಿಂಗಳ ಆ ಹೊತ್ತಿಗೆ ಕಾಡುಬೆಕ್ಕು ಇನ್ನೂ ತೋಟದಲ್ಲೇ ಇರಬಹುದು. 7:45 ಆದರೆ ಸೆನ್ಸರ್ ಏನೇ ಹೇಳಿದರೂ ತೆರೆಯುತ್ತದೆ, ಯಾಕೆಂದರೆ ಬೇಸಿಗೆಯಲ್ಲಿ ತಗಡಿನ ಗೂಡಿನೊಳಗೆ ನೀರಿಲ್ಲದೆ ಕೋಳಿ ಒಂಬತ್ತು ಗಂಟೆಗೇ ಬಾಯಿ ತೆರೆದು ತೇಕುತ್ತದೆ. ಬಾಗಿಲು ಎಷ್ಟೇ ಒಳ್ಳೆಯದಿರಲಿ, ಗೂಡಿನೊಳಗೆ ನೀರು ಇಟ್ಟೇ ಇಡಿ.

ಬೆಳಕಿನ ಮಿತಿಯನ್ನು ಬೇರೆಯವರನ್ನು ಕೇಳಿ ಹಾಕಬೇಡಿ. ನನ್ನ ಅಂಕಿ ನಿಮಗೆ ಆಗುವುದಿಲ್ಲ. ಸಾಧಾರಣ 5528 ಎಲ್‌ಡಿಆರ್ ಮೇಲೆ, 10 ಕಿಲೋ ಓಮ್ ರೆಸಿಸ್ಟರ್ ಕೆಳಗೆ ಇದ್ದರೆ, ಬೆಳಕು ಜಾಸ್ತಿ ಆದಂತೆ ಅಂಕಿ 1023ರ ಕಡೆಗೆ ಏರುತ್ತದೆ. 10 ಲಕ್ಸ್ ಬೆಳಕಿಗೆ 400ರ ಆಸುಪಾಸು ಬರುತ್ತದೆ. ಆದರೆ ಒಂದೇ ಪೊಟ್ಟಣದ ಎರಡು ಎಲ್‌ಡಿಆರ್ ಕೂಡ ಒಂದೇ ಅಂಕಿ ಕೊಡುವುದಿಲ್ಲ. ಹಾಗಾಗಿ ನಾಲ್ಕು ಸಂಜೆ ಗೂಡಿನ ಹತ್ತಿರ ಕುರ್ಚಿ ಹಾಕಿ ಕೂತುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಅಂಕಿ ನೋಡುತ್ತಾ, ಕೊನೆಯ ಕೋಳಿ ಒಳಗೆ ಹೋದ ಕ್ಷಣದ ಅಂಕಿ ಬರೆದಿಡಿ. ನನ್ನ ಗೂಡಿನಲ್ಲಿ ನಾಲ್ಕು ದಿನ ಬಂದಿದ್ದು 410, 385, 440, 360. ಎಲ್ಲಕ್ಕಿಂತ ಕಡಿಮೆ 360. ಅದಕ್ಕಿಂತ ಸ್ವಲ್ಪ ಕೆಳಗೆ, 300ಕ್ಕೆ, ಮುಚ್ಚುವ ಮಿತಿ ಇಟ್ಟೆ. ತೆರೆಯುವ ಮಿತಿ 600. ಎರಡರ ನಡುವೆ ಇಷ್ಟು ಅಂತರ ಇಲ್ಲದಿದ್ದರೆ ಮಿತಿಯ ಹತ್ತಿರ ಬೆಳಕು ಹೊಯ್ದಾಡುವಾಗ ಬಾಗಿಲೂ ಮೇಲೆ ಕೆಳಗೆ ಹೊಯ್ದಾಡುತ್ತದೆ.

`light10` ಅಂದರೆ ಹತ್ತು ನಿಮಿಷದಿಂದ ಬೆಳಕು, `dark10` ಅಂದರೆ ಹತ್ತು ನಿಮಿಷದಿಂದ ಕತ್ತಲು. ಇದನ್ನು ಬರೆಯುವಾಗ ಒಂದು ಗುಂಡಿ ಇದೆ. ಒಂದು ಸಲ ಬೆಳಕು ಕಂಡರೆ ಎಣಿಕೆ ಸೊನ್ನೆಗೆ ಹೋಗುವಂತೆ ಬರೆದರೆ, ಗುಡುಗು ಮಿಂಚಿನ ಸಂಜೆ ಬಾಗಿಲು ಮುಚ್ಚುವುದೇ ಇಲ್ಲ. ಪ್ರತಿ ಮಿಂಚೂ ಎಣಿಕೆ ಅಳಿಸುತ್ತದೆ. ಗೇಟಿನಲ್ಲಿ ತಿರುಗುವ ಬೈಕಿನ ಹೆಡ್‌ಲೈಟ್ ಸಾಕು ಅದಕ್ಕೆ. ಅರ್ಧ ನಿಮಿಷಕ್ಕೊಂದು ಅಂಕಿ ತೆಗೆದುಕೊಳ್ಳಿ. ಕೊನೆಯ 20 ಅಂಕಿಯಲ್ಲಿ 16 ಮಿತಿಗಿಂತ ಕೆಳಗಿದ್ದರೆ ಕತ್ತಲು ಅಂತ ತಿಳಿಯಿರಿ. ಮಿಂಚು ಒಂದೆರಡನ್ನು ಕೆಡಿಸಬಹುದು, ಐದನ್ನು ಕೆಡಿಸುವುದು ಅಪರೂಪ. ಕೆಡಿಸಿದರೂ ಕೊನೆಗೆ ಗಡಿಯಾರ ಇದೆ.

ಸೆನ್ಸರನ್ನು ಸೂರಿನಿಂದ ಹೊರಗೆ ತಂದು, ಉತ್ತರದ ತೆರೆದ ಆಕಾಶಕ್ಕೆ ಮುಖ ಮಾಡಿ ಕೂರಿಸಿ. ಅಂಗಳದ ಬಲ್ಬ್ ಅದಕ್ಕೆ ಕಾಣಬಾರದು. ಸಣ್ಣ ಗಾಜಿನ ಬಾಟಲಿಯೊಳಗೆ ಇಟ್ಟು, ಬಾಯಿ ಕೆಳಗೆ ಮಾಡಿ ಸಿಲಿಕಾನ್ ಹಚ್ಚಿ. ಮಲೆನಾಡಿನಲ್ಲಿ ಒಂದು ಮಳೆಗಾಲಕ್ಕೆ ಗಾಜಿನ ಮೇಲೆ ಪಾಚಿ ಕಟ್ಟುತ್ತದೆ, ಅಂಕಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ತಿಂಗಳಿಗೊಮ್ಮೆ ಒರೆಸಿ.

ಸೆನ್ಸರ್ ಸತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಗಡಿಯಾರ ದಿನಾ ಅದನ್ನು ಪರೀಕ್ಷೆ ಮಾಡಲಿ. ಮಧ್ಯಾಹ್ನ 12ಕ್ಕೆ ಅಂಕಿ 600ಕ್ಕಿಂತ ಕಡಿಮೆ ಇದ್ದರೆ ತಂತಿ ಕಡಿದಿದೆ ಅಂತಲೇ ಲೆಕ್ಕ. ರಾತ್ರಿ 12ಕ್ಕೆ 600ಕ್ಕಿಂತ ಜಾಸ್ತಿ ಇದ್ದರೆ ನೀರು ಹೋಗಿ ತಂತಿ ಎರಡೂ ಕೂಡಿಕೊಂಡಿವೆ, ಅಥವಾ ಯಾರೋ ಹತ್ತಿರದಲ್ಲಿ ಬಲ್ಬ್ ಹಾಕಿದ್ದಾರೆ. ಎರಡರಲ್ಲಿ ಯಾವುದಾದರೂ ಅಡುಗೆಮನೆ ಕಿಟಕಿಯಿಂದ ಕಾಣುವ ಹಾಗೆ ಒಂದು ಕೆಂಪು ಎಲ್‌ಇಡಿ ಮಿನುಗಲಿ. ಗಡಿಯಾರ ಸತ್ತರೆ ಅದು ತಾನೇ ಹೇಳುತ್ತದೆ. ಡಿಎಸ್3231 ಹಾಕಿದ್ದರೆ ಬೋರ್ಡ್ ಎದ್ದಾಗ `rtc.lostPower()` ಕೇಳಿ. ಹೌದು ಅಂತ ಬಂದರೆ ಸಮಯವನ್ನು ನಂಬಲೇಬಾರದು. ಆಗ ಬರೀ ಬೆಳಕಿನ ಮೇಲೆ ನಡೆಸಿ, ಆದರೆ ಹತ್ತು ನಿಮಿಷದ ಬದಲು ಮೂವತ್ತು ನಿಮಿಷ ಕಾಯಿಸಿ, ಬೆಳಕು ಮರಳಿದರೆ ತೆರೆಯಲೂ ಬಿಡಿ. ಆ ದಿನ ಮೋಡಕ್ಕೆ ಮೋಸ ಹೋಗಬಹುದು, ಆದರೂ ಮಳೆ ನಿಂತ ಮೇಲೆ ತಪ್ಪು ತಾನೇ ಸರಿಹೋಗುತ್ತದೆ. ಎಲ್‌ಇಡಿ ಮಾತ್ರ ನೀವು ಸಮಯ ಸರಿಮಾಡುವ ತನಕ ಆರಬಾರದು.

ಕೊನೆಯದಾಗಿ ಕರೆಂಟ್. ಬೋರ್ಡು, ಗಡಿಯಾರ, ಸೆನ್ಸರ್ ಸೇರಿ 30 ಮಿಲಿ ಆಂಪಿಯರ್ ಎಳೆಯುತ್ತವೆ ಅಂತಿಟ್ಟುಕೊಳ್ಳಿ. 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಬಳಸಿದರೂ ನಾಲ್ಕು ದಿನ ದಾಟುತ್ತದೆ. ಮೋಟಾರ್ ದಿನಕ್ಕೆ ಅರ್ಧ ನಿಮಿಷ ಓಡುವುದಕ್ಕೆ ಲೆಕ್ಕವೇ ಬೇಡ. ಬ್ಯಾಟರಿ ಇಲ್ಲದೆ ಬರೀ ಅಡಾಪ್ಟರಿನ ಮೇಲೆ ಬಾಗಿಲು ನಡೆಸುವವರಿಗೆ ನಾನು ಸಲಹೆ ಕೊಡುವುದಿಲ್ಲ.

ಇದೆಲ್ಲ ಮಾಡಿದ ಮೇಲೂ ಮೊದಲ ಎರಡು ವಾರ ದಿನಾ ಟಾರ್ಚ್ ಹಿಡಿದು ಹೋಗಿ ಕೋಳಿ ಎಣಿಸಿ.

ಪ್ರಶ್ನೆ: ಹುಣ್ಣಿಮೆ ರಾತ್ರಿ ಬೆಳದಿಂಗಳಿಗೆ ಬಾಗಿಲು ತೆರೆದುಕೊಳ್ಳುತ್ತದಾ?

ಇಲ್ಲ. ಹುಣ್ಣಿಮೆಯ ಬೆಳಕು ಒಂದು ಲಕ್ಸ್ ಕೂಡ ಆಗುವುದಿಲ್ಲ.

ಪ್ರಶ್ನೆ: ಕಬ್ಬೆಕ್ಕು ಓಡಿಸುವ ಅಲ್ಟ್ರಾಸಾನಿಕ್ ಯಂತ್ರ 1,800 ರೂಪಾಯಿಗೆ ಕೊಡುತ್ತಾರಂತೆ. ಅದಿದ್ದರೆ ಬಾಗಿಲು ಬೇಡ ಅಂತಾರೆ. ನಿಜವಾ?

ಸುಳ್ಳು. ಹಸಿದ ಪ್ರಾಣಿ ಎರಡು ದಿನ ಅನುಮಾನಪಡುತ್ತದೆ, ಮೂರನೇ ದಿನ ಆ ಸದ್ದಿನ ಕೆಳಗೇ ನಡೆದು ಬರುತ್ತದೆ. ಬಾಗಿಲು ಬೇಡ ಅಂತ ಹೇಳಿ ಮಾರುವವರು ನಿಮ್ಮ ಕೋಳಿಯ ಜೀವದ ಮೇಲೆ ವ್ಯಾಪಾರ ಮಾಡುತ್ತಿದ್ದಾರೆ. ಆ ದುಡ್ಡಿಗೆ ಬ್ಯಾಟರಿ ತಗೊಳ್ಳಿ.

ಪ್ರಶ್ನೆ: ಮೊಬೈಲಿನಿಂದಲೇ ಬಾಗಿಲು ಮುಚ್ಚುವ ಹಾಗೆ ಮಾಡಬಹುದಾ?

ಮಾಡಬಹುದು. ಆದರೆ ನೆಟ್‌ವರ್ಕ್ ಇಲ್ಲದ ದಿನವೂ ಬಾಗಿಲು ತಾನೇ ಮುಚ್ಚಬೇಕು. ಅದಾದ ಮೇಲೆ ಮೊಬೈಲ್ ವಿಚಾರ ಕೇಳಿ.

ಪ್ರಶ್ನೆ: ಬಾಗಿಲು ಹಾಕಿದ ಮೇಲೂ ಕೇರೆ ಹಾವು ಮೊಟ್ಟೆ ತಿನ್ನುತ್ತಿದೆ. ಬಾಗಿಲು ಸರಿ ಕೂರುತ್ತಿಲ್ಲವಾ?

ಬಾಗಿಲನ್ನು ಬಿಡಿ, ಗೋಡೆಯ ಜಾಲರಿ ನೋಡಿ. ಒಂದು ಇಂಚಿನ ಕಣ್ಣಿದ್ದರೆ ತೆಗೆದು ಅರ್ಧ ಇಂಚಿನದು ಹಾಕಿ.

ಪ್ರಶ್ನೆ: ಬಾಗಿಲು ಇಳಿಯುವಾಗ ಕೋಳಿ ಮಧ್ಯೆ ಸಿಕ್ಕಿದರೆ ಸಾಯುತ್ತದಾ? ನಾನು 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ ಹಾಕಿದ್ದೇನೆ.

ಸಾಯುತ್ತದೆ. ಆ ಆಕ್ಚುಯೇಟರ್‌ಗಳು ಹತ್ತಾರು ಕಿಲೋ ಭಾರದಷ್ಟು ಒತ್ತುತ್ತವೆ. ಕೋಳಿಯ ಕುತ್ತಿಗೆಗೆ ಅಷ್ಟು ಬೇಡ. ನಿಮ್ಮದನ್ನು ತೆಗೆದು ಹಗ್ಗದ ಬಾಗಿಲು ಮಾಡಿ. ಗೇರ್ ಮೋಟಾರ್ ಹಗ್ಗ ಸುತ್ತಿ ಬಾಗಿಲನ್ನು ಮೇಲೆತ್ತಲಿ. ಮುಚ್ಚುವಾಗ ಹಗ್ಗ ಸಡಿಲ ಬಿಡಲಿ, ಬಾಗಿಲು ತನ್ನ ಭಾರಕ್ಕೇ ಇಳಿಯಲಿ. 30 ಸೆಂಟಿಮೀಟರ್ ಅಗಲ, 35 ಎತ್ತರದ ಅಲ್ಯೂಮಿನಿಯಂ ತಗಡಾದರೆ ಭಾರ ಒಂದು ಕಿಲೋ ಒಳಗೇ ಇರುತ್ತದೆ. ಕೋಳಿ ಮೇಲೆ ಬಿದ್ದರೂ ಅದು ಕೊಸರಿಕೊಂಡು ಹೋಗುತ್ತದೆ. ಮರದ ಹಲಗೆ ಬೇಡ, ಮಳೆಗಾಲದಲ್ಲಿ ಉಬ್ಬಿ ಸಂದಿನಲ್ಲೇ ಕಚ್ಚಿಕೊಳ್ಳುತ್ತದೆ.

ಹಗ್ಗದ ಬಾಗಿಲಿಗೆ ಒಂದು ದೌರ್ಬಲ್ಯ ಇದೆ. ಕಬ್ಬೆಕ್ಕು ಉಗುರು ಹಾಕಿ ಕೆಳಗಿನಿಂದ ಎತ್ತಬಹುದು. ಹಾಗಾಗಿ ಬಾಗಿಲ ತಳದ ಅಂಚು ಎರಡು ಸೆಂಟಿಮೀಟರ್ ಆಳದ ತೋಡಿನೊಳಗೆ ಕೂರಬೇಕು, ಉಗುರಿಗೆ ಸಂದು ಸಿಗಬಾರದು. ಆ ತೋಡಿನಲ್ಲಿ ಹೊಟ್ಟು, ಹಿಕ್ಕೆ ತುಂಬಿಕೊಳ್ಳುತ್ತದೆ. ತಳಕ್ಕೆ ನಾಲ್ಕು ತೂತು ಹಾಕಿ, ವಾರಕ್ಕೊಮ್ಮೆ ಕೆರೆದು ತೆಗೆಯಿರಿ. ಮೋಟಾರಿಗೆ ಸಮಯದ ಮಿತಿಯೂ ಇರಲಿ. ಪೂರಾ ಇಳಿಯಲು 12 ಸೆಕೆಂಡ್ ಬೇಕಾದರೆ 18 ಸೆಕೆಂಡಿಗೆ ನಿಲ್ಲಬೇಕು. ಅಷ್ಟರಲ್ಲಿ ಕೆಳಗಿನ ಸ್ವಿಚ್ ಒತ್ತದಿದ್ದರೆ ಮಧ್ಯೆ ಏನೋ ಇದೆ ಅಂತ ಅರ್ಥ. ಬಾಗಿಲು ಮೇಲೆತ್ತಿ, ಎರಡು ನಿಮಿಷ ಬಿಟ್ಟು ಮತ್ತೆ ಇಳಿಸಿ. ಮೂರು ಸಲವೂ ಆಗದಿದ್ದರೆ ಇಳಿಸಿದ ಸ್ಥಿತಿಯಲ್ಲೇ ಬಿಟ್ಟು ಬಜರ್ ಕೂಗಲಿ. ತೆರೆದು ಬಿಡುವುದು ಮಾತ್ರ ಬೇಡ.

ಪ್ರಶ್ನೆ: ಡಿಎಸ್3231 ಗಡಿಯಾರದ ಬಟನ್ ಸೆಲ್ ಉಬ್ಬಿಕೊಂಡಿದೆ. ಹೊಸದು ಹಾಕಿದರೂ ಆರು ತಿಂಗಳಿಗೆ ಹಾಗೇ ಆಯಿತು. ಸೆಲ್ ಕಳಪೆಯಾ?

ಸೆಲ್ ತಪ್ಪಲ್ಲ. ಅಗ್ಗಕ್ಕೆ ಸಿಗುವ ನೀಲಿ ಬೋರ್ಡಿನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದು ಚಾರ್ಜ್ ಆಗುವ ಎಲ್‌ಐಆರ್2032ಗೆ ಮಾಡಿದ್ದು. ನೀವು ಹಾಕಿದ್ದು ಅಂಗಡಿಯ ಸಿಆರ್2032, ಅದನ್ನು ಚಾರ್ಜ್ ಮಾಡಲೇಬಾರದು. 5 ವೋಲ್ಟ್ ಕೊಟ್ಟಾಗ ಅದು ದಿನಾ ಉಬ್ಬುತ್ತದೆ, ಸೋರುತ್ತದೆ. ಉಬ್ಬಿದ್ದನ್ನು ಈಗಲೇ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ, ಚುಚ್ಚಬೇಡಿ. ಬೋರ್ಡಿನ ಮೇಲೆ ಸಣ್ಣ ಗಾಜಿನ ಡಯೋಡ್ ಇದೆ, ಪಕ್ಕದಲ್ಲಿ 201 ಅಂತ ಬರೆದ ರೆಸಿಸ್ಟರ್ ಇದೆ. ಎರಡರಲ್ಲಿ ಒಂದನ್ನು ಬೆಸುಗೆ ಬಿಡಿಸಿ ತೆಗೆದರೆ ಚಾರ್ಜ್ ದಾರಿ ಕಡಿಯುತ್ತದೆ. ಆಮೇಲೆ ಹೊಸ ಸಿಆರ್2032 ಹಾಕಿ, ಸಮಯ ಹೊಂದಿಸಿ, ಬೋರ್ಡಿನ ಕರೆಂಟ್ ಹತ್ತು ನಿಮಿಷ ತೆಗೆದು ಮತ್ತೆ ಕೊಟ್ಟು ಗಡಿಯಾರ ಸರಿಯಾಗಿದೆಯಾ ನೋಡಿ.